ಫ್ಯೂಸಿಗೆ ಕಾಣದ ಕಿಡಿ

ತಾರಸಿಯ ಸೋಲಾರ್ ಪ್ಯಾನೆಲ್‌ಗಳ ಕೆಳಗೆ ಬಗ್ಗಿ ನೋಡಿದರೆ ಕಪ್ಪು ಕೇಬಲ್‌ಗಳ ನಡುವೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕನೆಕ್ಟರ್‌ಗಳು ಕಾಣುತ್ತವೆ. ಎರಡು ತುದಿಗಳನ್ನು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುವ ಇವುಗಳಿಗೆ ಸೋಲಾರ್ ಹಾಕುವ ಹುಡುಗರು ಎಂಸಿ4 ಎನ್ನುತ್ತಾರೆ. ಹನ್ನೆರಡು ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದ ಸಾಲಿನಲ್ಲಿ, ಅಂದರೆ ಒಂದು ‘ಸ್ಟ್ರಿಂಗ್’ನಲ್ಲಿ, ಇಂಥವು ಹದಿಮೂರಾದರೂ ಇರುತ್ತವೆ. ಲಕ್ಷಾಂತರ ರೂಪಾಯಿಯ ವ್ಯವಸ್ಥೆಯಲ್ಲಿ ಇವುಗಳ ಖರ್ಚು ಯಾರ ಗಮನಕ್ಕೂ ಬರುವುದಿಲ್ಲ. ತಾರಸಿ ಸೋಲಾರ್‌ಗೆ ಬೆಂಕಿ ಹತ್ತಿದ ಕಡೆ ಪರಿಶೀಲಿಸುವವರು ಮೊದಲು ಹುಡುಕುವ ಜಾಗಗಳಲ್ಲಿ ಮಾತ್ರ ಇವೂ ಒಂದು.

ಒಳ್ಳೆಯ ಕನೆಕ್ಟರ್ ವಿದ್ಯುತ್ತಿಗೆ ಒಡ್ಡುವ ತಡೆ ಒಂದು ಓಮ್‌ನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. 13 ಆಂಪಿಯರ್ ಹರಿದರೂ ಅದು ಬಿಸಿಯಾದದ್ದು ಕೈಗೆ ಗೊತ್ತಾಗುವುದಿಲ್ಲ. ಕೇಬಲ್ ತುದಿಗೆ ಲೋಹದ ಪಿನ್ನನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತದೆ ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದ್ದರೆ, ಅಥವಾ ಒಂದು ಕಂಪನಿಯ ಗಂಡು ತುದಿಯನ್ನು ಇನ್ನೊಂದು ಕಂಪನಿಯ ಹೆಣ್ಣು ತುದಿಗೆ ‘ಕೂರುತ್ತದಲ್ಲ’ ಎಂದು ಸೇರಿಸಿದ್ದರೆ ಕಥೆ ಬೇರೆ. ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗಕ್ಕೇರಿದರೂ ಸಾಕು, ಆ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತದೆ. ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ. ಲೋಹದ ಮೇಲ್ಮೈ ಕಪ್ಪಾಗಿ ತಡೆ ಇನ್ನಷ್ಟು ಏರುತ್ತದೆ, ಪ್ಲಾಸ್ಟಿಕ್ ಮೆತ್ತಗಾಗಿ ಹಿಡಿತ ಸಡಿಲುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಒಂದು ಮಧ್ಯಾಹ್ನ ಪಿನ್ನಿಗೂ ಅದರ ಗೂಡಿಗೂ ನಡುವೆ ಕೂದಲೆಳೆಯ ಅಂತರ ಬಿಡುತ್ತದೆ.

ವಿದ್ಯುತ್ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಲೋಹಗಳು ಬೇರ್ಪಡುವ ಕೊನೆಯ ಗಳಿಗೆಯಲ್ಲಿ ಆ ಬಿಂದು ಕಾದು ಕರಗಿ ಆವಿಯಾಗುತ್ತದೆ. ಆ ಬಿಸಿ ಆವಿ ಮತ್ತು ಗಾಳಿ ವಿದ್ಯುತ್ ಹರಿಯಬಲ್ಲ ಪ್ಲಾಸ್ಮಾ ಆಗಿ ಅಂತರಕ್ಕೆ ಸೇತುವೆ ಕಟ್ಟುತ್ತದೆ. ಇದೇ ಆರ್ಕ್. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಣ್ಣು ಕೋರೈಸುವ ಬೆಳಕು ಇದೇ ಜಾತಿಯದು, ಅಲ್ಲಿ ಬೇಕೆಂದು ಹೊತ್ತಿಸುತ್ತಾರೆ, ಅಷ್ಟೇ ವ್ಯತ್ಯಾಸ. ಆರ್ಕ್‌ನ ಒಳಗಿನ ಉಷ್ಣತೆ ಸಾವಿರಾರು ಡಿಗ್ರಿ. ತಾಮ್ರ ಕರಗಲು 1085 ಡಿಗ್ರಿ ಸಾಕು, ಪ್ಲಾಸ್ಟಿಕ್ಕಿನ ಮಾತು ಹೇಳುವುದೇ ಬೇಡ.

ಮನೆಯ ಎಸಿ ವಯರಿಂಗ್‌ನಲ್ಲಿಯೂ ಸಡಿಲ ಸಂಪರ್ಕಗಳು ಕಿಡಿ ಕಾರುತ್ತವೆ, ಬೆಂಕಿಯನ್ನೂ ಹಚ್ಚುತ್ತವೆ. ಆದರೆ ಎಸಿ ವಿದ್ಯುತ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಹಾಗೆ ತಿರುಗುವಾಗ ಅಷ್ಟೇ ಸಲ ಸೊನ್ನೆಗೆ ಬಂದು ಹೋಗುತ್ತದೆ. ಪ್ರತಿ ಸಲವೂ ಆರ್ಕ್‌ಗೆ ಉಸಿರು ಕಟ್ಟಿ, ಗಾಳಿಗೆ ತಣ್ಣಗಾಗುವ ಒಂದು ಅವಕಾಶ ಸಿಗುತ್ತದೆ. ಮತ್ತೆ ಹೊತ್ತಿಕೊಳ್ಳಬಹುದು, ಹೊತ್ತಿಕೊಳ್ಳದೆಯೂ ಇರಬಹುದು. ಸೋಲಾರ್ ಪ್ಯಾನೆಲ್ ಕೊಡುವುದು ಡಿಸಿ. ಅದಕ್ಕೆ ಸೊನ್ನೆಯ ಹಂಗಿಲ್ಲ. ಬಿಸಿಲಿರುವ ತನಕ, ಅಂತರ ಬಹಳ ಅಗಲವಾಗದ ತನಕ, ಒಮ್ಮೆ ಹೊತ್ತಿದ್ದು ಉರಿಯುತ್ತಲೇ ಇರುತ್ತದೆ. ಮನೆಯ ಮಾಮೂಲಿ ಎಸಿ ಸ್ವಿಚ್ಚನ್ನು ಸೋಲಾರ್‌ನ ಡಿಸಿ ಲೈನಿಗೆ ಹಾಕಬಾರದು ಎನ್ನುವುದು ಇದಕ್ಕೇ. ಸ್ವಿಚ್ ಆರಿಸಿದಾಗ ಒಳಗೆ ಹುಟ್ಟುವ ಕಿಡಿ ಆರದೆ ಸ್ವಿಚ್ಚನ್ನೇ ಸುಡಬಹುದು.

ಹಾಗಾದರೆ ಫ್ಯೂಸ್ ಏನು ಮಾಡುತ್ತದೆ, ಎಂಸಿಬಿ ಏನು ಮಾಡುತ್ತದೆ? ಇಲ್ಲೊಂದು ಲೆಕ್ಕ ಹಾಕಿ ನೋಡೋಣ. 540 ವ್ಯಾಟ್‌ನ ಹನ್ನೆರಡು ಪ್ಯಾನೆಲ್‌ಗಳ ಸಾಲು. ಒಂದೊಂದೂ ಪೂರ್ಣ ಬಿಸಿಲಿನಲ್ಲಿ ಸುಮಾರು 41.5 ವೋಲ್ಟ್, 13 ಆಂಪಿಯರ್ ಕೊಡುತ್ತದೆ. ಒಟ್ಟು 498 ವೋಲ್ಟ್, ಅದೇ 13 ಆಂಪಿಯರ್, ಆರೂವರೆ ಕಿಲೋವ್ಯಾಟ್‌ಗೆ ಹತ್ತಿರ. ಒಂದು ಕನೆಕ್ಟರ್‌ನಲ್ಲಿ ಆರ್ಕ್ ಹೊತ್ತಿತು, ಆ ಪುಟ್ಟ ಅಂತರ 35 ವೋಲ್ಟ್ ನುಂಗುತ್ತಿದೆ ಎಂದುಕೊಳ್ಳಿ. ಇನ್ವರ್ಟರ್‌ಗೆ ಈಗ 498ರ ಬದಲು 463 ವೋಲ್ಟ್ ತಲುಪುತ್ತದೆ. ಕರೆಂಟ್ ಹೆಚ್ಚುಕಮ್ಮಿ ಮೊದಲಿನಷ್ಟೇ. ಉಳಿದ 35 ವೋಲ್ಟನ್ನು 13 ಆಂಪಿಯರ್‌ನಿಂದ ಗುಣಿಸಿದರೆ 455 ವ್ಯಾಟ್, ಅಷ್ಟೂ ಶಾಖವಾಗಿ ಹೊರಬೀಳುವುದು ಅಕ್ಕಿಕಾಳಿನಷ್ಟು ಜಾಗದಲ್ಲಿ.

ಫ್ಯೂಸು, ಎಂಸಿಬಿ ಎರಡೂ ಕಾಯುವುದು ಒಂದೇ ಘಟನೆಗೆ: ಕರೆಂಟ್ ಮಿತಿ ಮೀರಬೇಕು. ಇಲ್ಲಿ ಅದು ಮೀರುವುದಿರಲಿ, ಆರ್ಕ್ ಒಂದು ಹೊಸ ತಡೆಯಾಗಿ ದಾರಿಯಲ್ಲಿ ಕೂತಿರುವುದರಿಂದ ಕೊಂಚ ಇಳಿದರೂ ಇಳಿಯಬಹುದು. ಇನ್ನೊಂದು ವಿಚಿತ್ರವೂ ಇದೆ. ಪ್ಯಾನೆಲ್ ಬ್ಯಾಟರಿಯಂತಲ್ಲ. ಅದರ ಎರಡು ತುದಿಗಳನ್ನು ನೇರವಾಗಿ ಶಾರ್ಟ್ ಮಾಡಿದರೂ ನಮ್ಮ ಈ ಪ್ಯಾನೆಲ್ 13.9 ಆಂಪಿಯರ್‌ಗಿಂತ ಹೆಚ್ಚು ಕೊಡಲಾರದು. ಡಿಸಿಡಿಬಿ ಪೆಟ್ಟಿಗೆಯಲ್ಲಿ 20 ಆಂಪಿಯರ್ ಫ್ಯೂಸ್ ಇಟ್ಟು ನಿಶ್ಚಿಂತೆಯಾಗಿರುವ ಮನೆಯವರಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ: ಆ ಒಂದೇ ಸಾಲಿಗೆ ಆ ಫ್ಯೂಸ್ ಎಂದೂ ಸುಡುವ ಸಂಭವವಿಲ್ಲ. ಹಲವು ಸಾಲುಗಳನ್ನು ಒಟ್ಟು ಸೇರಿಸಿದಾಗ, ಉಳಿದ ಸಾಲುಗಳ ಕರೆಂಟ್ ಕೆಟ್ಟ ಸಾಲಿಗೆ ಹಿಂದಕ್ಕೆ ನುಗ್ಗದಿರಲಿ ಎಂದು ಅದು ಬೇಕು. ಆರ್ಕ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ವರ್ಟರ್ ಆದರೂ ಗಮನಿಸಬಾರದೆ ಎಂದರೆ, ಅದರ ಕಣ್ಣಿಗೆ ಬೀಳುವುದು ಶೇಕಡಾ 7ರಷ್ಟು ಉತ್ಪಾದನೆ ಕಡಿಮೆಯಾದದ್ದು. ತೆಳು ಮೋಡ ಹಾದರೂ, ತೆಂಗಿನ ಗರಿಯ ನೆರಳು ಬಿದ್ದರೂ ಅಷ್ಟು ಇಳಿಯುತ್ತದೆ. ಹೆಚ್ಚು ವಿದ್ಯುತ್ ಹಿಂಡಲೆಂದು ಸದಾ ವೋಲ್ಟೇಜ್ ಹೊಂದಿಸಿಕೊಳ್ಳುವುದೇ ಅದರ ಕಸುಬು. ಹಾಗಾಗಿ ಹೊಸ ಸ್ಥಿತಿಗೆ ಹೊಂದಿಕೊಂಡು ಕೆಲಸ ಮುಂದುವರಿಸುತ್ತದೆ, ಅಂದರೆ ಆರ್ಕ್‌ಗೆ ಬೇಕಾದ ಕರೆಂಟನ್ನು ತಾನೇ ಎಳೆದು ಕೊಡುತ್ತಿರುತ್ತದೆ.

ಪ್ರಮಾಣದಲ್ಲಿ ಸಿಗದ ಸುಳಿವು ನಡುಕದಲ್ಲಿದೆ. ಆರ್ಕ್ ಸ್ಥಿರವಾಗಿ ಉರಿಯುವುದಿಲ್ಲ. ಲೋಹದ ಮೇಲೆ ಅದರ ಬುಡ ಜಾಗ ಬದಲಿಸುತ್ತದೆ, ಪ್ಲಾಸ್ಮಾ ಬಾಗುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಈ ಚಡಪಡಿಕೆ 13 ಆಂಪಿಯರ್‌ನ ಮೇಲೆ ಅತಿ ಸೂಕ್ಷ್ಮವಾದ ಏರಿಳಿತವಾಗಿ ಮೂಡಿ ಕೇಬಲ್ ಉದ್ದಕ್ಕೂ ಹರಿಯುತ್ತದೆ. ಅದರಲ್ಲಿ ಸೆಕೆಂಡಿಗೆ ಕೆಲವು ಸಾವಿರ ಸಲದಿಂದ ಲಕ್ಷಕ್ಕೂ ಹೆಚ್ಚು ಸಲ ಅದುರುವ ಕಂಪನಗಳೆಲ್ಲ ಕಲಸಿರುತ್ತವೆ. ಆರ್ಕ್ ರಕ್ಷಣೆಯ ಸಾಧನ ಕಾದು ಕೂರುವುದು ಇದಕ್ಕೆ. ಡಿಸಿ ಕೇಬಲ್ ಹಾದುಹೋಗುವ ಒಂದು ಉಂಗುರದಂಥ ಸೆನ್ಸರ್ ಸ್ಥಿರ ಕರೆಂಟನ್ನು ಬಿಟ್ಟು ಏರಿಳಿತವನ್ನು ಮಾತ್ರ ಹಿಡಿಯುತ್ತದೆ. ಚಿಪ್ ಒಂದು ಅದನ್ನು ಕಂಪನಾಂಕಗಳಾಗಿ ಬಿಡಿಸಿ, ಯಾವ ಕಂಪನಾಂಕದಲ್ಲಿ ಎಷ್ಟು ಸದ್ದು ಎಂಬ ನಕ್ಷೆ ಮಾಡುತ್ತದೆ.

ತೊಂದರೆಯೆಂದರೆ ಅದೇ ಸಾಲಿನ ಇನ್ನೊಂದು ತುದಿಯಲ್ಲಿ ಇನ್ವರ್ಟರ್ ಕೂಡ ಗದ್ದಲ ಮಾಡುತ್ತಿರುತ್ತದೆ. ಅದರೊಳಗಿನ ಸ್ವಿಚ್‌ಗಳು ಸೆಕೆಂಡಿಗೆ, ಉದಾಹರಣೆಗೆ, 16 ಸಾವಿರ ಸಲ ತೆರೆದು ಮುಚ್ಚುತ್ತಿದ್ದರೆ ನಕ್ಷೆಯಲ್ಲಿ 16 ಸಾವಿರಕ್ಕೆ, 32 ಸಾವಿರಕ್ಕೆ, 48 ಸಾವಿರಕ್ಕೆ ಚೂಪಾದ ಶಿಖರಗಳು ಏಳುತ್ತವೆ. ಅವು ಆರ್ಕ್‌ನ ಸದ್ದಿಗಿಂತ ಎಷ್ಟೋ ದೊಡ್ಡವು. ಆದರೆ ಆರ್ಕ್‌ನ ಸದ್ದಿಗೆ ಶಿಖರವಿಲ್ಲ, ಅದು ಎಲ್ಲೆಡೆ ಹರಡಿಕೊಂಡು ಇಡೀ ನೆಲವನ್ನೇ ಮೇಲೆತ್ತುತ್ತದೆ. ಆದ್ದರಿಂದ ಜಾಣ ಸಾಧನ ಶಿಖರಗಳತ್ತ ನೋಡುವುದಿಲ್ಲ, ಅವುಗಳ ನಡುವಿನ ಕಣಿವೆಗಳಲ್ಲಿ ಮಟ್ಟ ಏರಿದೆಯೇ ಎಂದು ನೋಡುತ್ತದೆ. ಏರಿದ್ದು ಒಂದು ಕ್ಷಣಕ್ಕೆ ಇಳಿದರೆ ಬಿಟ್ಟುಬಿಡುತ್ತದೆ, ಏಕೆಂದರೆ ಡಿಸಿ ಸ್ವಿಚ್ ತಿರುಗಿಸಿದಾಗಲೂ ಒಳಗೆ ಸಣ್ಣ ಆರ್ಕ್ ಹುಟ್ಟಿ ಸಾಯುತ್ತದೆ, ಅದು ದೋಷವಲ್ಲ. ಸದ್ದು ಬಿಡದೆ ನಿಂತರೆ ಮಾತ್ರ ತೀರ್ಪು ಕೊಡುತ್ತದೆ.

ಕಾಯಲು ಬಹಳ ಹೊತ್ತೂ ಇಲ್ಲ. ಇದಕ್ಕೆಂದೇ ಅಮೆರಿಕದಲ್ಲಿ ಯುಎಲ್ 1699ಬಿ, ಅಂತರರಾಷ್ಟ್ರೀಯವಾಗಿ ಐಇಸಿ 63027 ಎಂಬ ಮಾನದಂಡಗಳಿವೆ. ಆರ್ಕ್ 750 ಜೂಲ್ ಶಕ್ತಿ ಕಕ್ಕುವುದರೊಳಗೆ, ಏನೇ ಆದರೂ ಎರಡೂವರೆ ಸೆಕೆಂಡಿನೊಳಗೆ, ಅದನ್ನು ಆರಿಸಬೇಕು ಎಂಬುದು ಇವುಗಳ ಅಪೇಕ್ಷೆ. ನಮ್ಮ 455 ವ್ಯಾಟ್‌ನ ಆರ್ಕ್‌ಗೆ 750 ಜೂಲ್ ತುಂಬಲು ಒಂದೂಮುಕ್ಕಾಲು ಸೆಕೆಂಡೂ ಬೇಡ. ಕೇಳಿ, ಅನುಮಾನಿಸಿ, ಖಚಿತಪಡಿಸಿಕೊಂಡು, ನಿಲ್ಲಿಸಬೇಕಾದದ್ದೆಲ್ಲ ಅಷ್ಟರೊಳಗೆ.

ನಿಲ್ಲಿಸುವ ಕೆಲಸ ಮಾತ್ರ ಸುಲಭ. ಇನ್ವರ್ಟರ್ ಕರೆಂಟ್ ಎಳೆಯುವುದನ್ನು ಬಿಟ್ಟರೆ ಸಾಲಿನಲ್ಲಿ ಹರಿವು ಸೊನ್ನೆಯಾಗಿ ಆರ್ಕ್ ಕ್ಷಣದಲ್ಲಿ ಸಾಯುತ್ತದೆ. ಪರದೆಯ ಮೇಲೆ `Arc Fault` ಅಥವಾ `AFCI` ಎಂಬ ಸೂಚನೆ ಮೂಡುತ್ತದೆ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 2011ರಲ್ಲಿಯೇ 80 ವೋಲ್ಟ್ ಮತ್ತು ಮೇಲ್ಪಟ್ಟ ಕಟ್ಟಡದ ಸೋಲಾರ್‌ಗೆ ಈ ರಕ್ಷಣೆ ಬೇಕೆಂದಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿನ ಗುತ್ತಿಗೆದಾರರನ್ನು ಕಾಡಿದ್ದು ಆರ್ಕ್ ಇಲ್ಲದಿದ್ದರೂ ನಿಂತುಬಿಡುವ ಇನ್ವರ್ಟರ್‌ಗಳು. ಉದ್ದನೆಯ ಡಿಸಿ ಕೇಬಲ್ ಆಂಟೆನಾದಂತೆ ವರ್ತಿಸಿ ಹೊರಗಿನ ರೇಡಿಯೊ ಅಲೆಗಳನ್ನು ಹಿಡಿಯುತ್ತದೆ. ಒಂದು ಸಾಲಿನ ನಿಜವಾದ ಆರ್ಕ್‌ನ ಸದ್ದು ಪಕ್ಕದಲ್ಲೇ ಹಾದ ಇನ್ನೊಂದು ಸಾಲಿಗೆ ಸೋಂಕಿ, ತಪ್ಪಿಲ್ಲದ ಇನ್ವರ್ಟರ್ ಆರಿಹೋಗುವುದೂ ಉಂಟು. ಇದಕ್ಕೆ ತಿರುಗುಮುರುಗು ಎಡವಟ್ಟೂ ಇದೆ: ಎರಡು ಸಾಲುಗಳನ್ನು ಇನ್ವರ್ಟರ್‌ನ ಒಂದೇ ಪ್ರವೇಶಕ್ಕೆ ಸೇರಿಸಿದ್ದರೆ ಆರ್ಕ್‌ನ ಸದ್ದಿನ ಒಂದು ಪಾಲು ಪಕ್ಕದ ಸಾಲಿನಲ್ಲೇ ಸುತ್ತಿಕೊಂಡು ಸೆನ್ಸರ್ ತನಕ ಕ್ಷೀಣವಾಗಿ ಬರುತ್ತದೆ. ಸೂಕ್ಷ್ಮತೆ ಹೆಚ್ಚಿಸಿದರೆ ಸುಳ್ಳು ಎಚ್ಚರಿಕೆ, ಇಳಿಸಿದರೆ ನಿಜವಾದದ್ದು ಕೈತಪ್ಪುತ್ತದೆ.

ಇನ್ನೊಂದು ಮಿತಿಯನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಇಲ್ಲಿಯವರೆಗೆ ಮಾತಾಡಿದ್ದು ಸಾಲಿನ ದಾರಿಯಲ್ಲೇ ಹುಟ್ಟುವ ಆರ್ಕ್ ಬಗ್ಗೆ. ಇಲಿ ಕಡಿದೋ, ಕಬ್ಬಿಣದ ಚೌಕಟ್ಟಿನ ಅಂಚಿಗೆ ತಿಕ್ಕಿಯೋ ಪ್ಲಸ್ ಮತ್ತು ಮೈನಸ್ ಕೇಬಲ್‌ಗಳ ಹೊದಿಕೆ ಹರಿದು ಅವುಗಳ ನಡುವೆಯೇ ಆರ್ಕ್ ಹೊತ್ತಿದರೆ ಇನ್ವರ್ಟರ್ ನಿಂತರೂ ಪ್ರಯೋಜನವಿಲ್ಲ. ವಿದ್ಯುತ್ ಪ್ಯಾನೆಲ್‌ನಿಂದ ಹೊರಟು ಆ ಆರ್ಕ್ ಮೂಲಕವೇ ಹಿಂದಿರುಗುತ್ತದೆ, ಇನ್ವರ್ಟರ್ ಆ ಸುತ್ತಿನಲ್ಲೇ ಇಲ್ಲ. ಅದನ್ನು ಆರಿಸಲು ಪ್ರತಿ ಪ್ಯಾನೆಲ್‌ನ ಹಿಂದೆಯೇ ಕಡಿತಗೊಳಿಸುವ ಸಾಧನ ಬೇಕು, ಖರ್ಚೂ ಹೆಚ್ಚು, ಕನೆಕ್ಟರ್‌ಗಳ ಸಂಖ್ಯೆಯೂ ಹೆಚ್ಚು. ರಕ್ಷಣೆಗೆಂದು ಸೇರಿಸಿದ್ದೇ ದೋಷದ ಜಾಗವಾಗುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ಕಡ್ಡಾಯ ಮಾಡಿದ್ದ ತಾರಸಿಯ ಡಿಸಿ ಐಸೊಲೇಟರ್ ಸ್ವಿಚ್‌ಗಳೊಳಗೆ ಮಳೆನೀರು ಇಳಿದು ಅವುಗಳಿಂದಲೇ ಬೆಂಕಿ ಹತ್ತತೊಡಗಿ, 2021ರ ಮಾನದಂಡದಲ್ಲಿ ಆ ಕಡ್ಡಾಯವನ್ನು ಸಡಿಲಿಸಬೇಕಾಯಿತು.

ನಮ್ಮಲ್ಲಿ 2024ರ ಪಿಎಂ ಸೂರ್ಯಘರ್ ಯೋಜನೆಯ ನಂತರ ತಾರಸಿಗಳ ಮೇಲೆ ಪ್ಯಾನೆಲ್ ಏರುವ ವೇಗ ಹೆಚ್ಚಿದೆ. ಮಾರುಕಟ್ಟೆಯ ಹಲವು ಇನ್ವರ್ಟರ್‌ಗಳಲ್ಲಿ ಆರ್ಕ್ ರಕ್ಷಣೆ ಬೇಕಾದವರಿಗೆ ಮಾತ್ರ ಸಿಗುವ ಸೌಲಭ್ಯ. ಇದ್ದರೂ ಮೆನುವಿನಲ್ಲಿ ಆಫ್ ಆಗಿರಬಹುದು. ಹಾಕುವವರನ್ನು ಕೇಳುವುದಾದರೆ ‘ಎಎಫ್‌ಸಿಐ ಇದೆಯಾ, ಆನ್ ಮಾಡಿದ್ದೀರಾ’ ಎಂದು ಎರಡನ್ನೂ ಕೇಳಬೇಕು. ಇಲ್ಲದಿದ್ದರೆ ಬಿಸಿಲು ಚೆನ್ನಾಗಿರುವಾಗ ಥರ್ಮಲ್ ಕ್ಯಾಮೆರಾ ಹಿಡಿದು ಕನೆಕ್ಟರ್‌ಗಳನ್ನು ನೋಡಿಸಬಹುದು. ಒಂದೇ ಸಾಲಿನ ಎಲ್ಲದರಲ್ಲೂ ಕರೆಂಟ್ ಒಂದೇ ಆದ್ದರಿಂದ, ಜೊತೆಯವಕ್ಕಿಂತ ಒಂದು ಎದ್ದುಕಾಣುವಷ್ಟು ಬಿಸಿಯಿದ್ದರೆ ಅದನ್ನು ಕತ್ತರಿಸಿ, ಒಂದೇ ಕಂಪನಿಯ ಜೋಡಿಯಿಂದ ಹೊಸದಾಗಿ ಕ್ರಿಂಪ್ ಮಾಡಿಸಬೇಕು.

`Arc Fault` ಎಂದು ಬಂದಾಗ ಸಾಮಾನ್ಯವಾಗಿ ಆಗುವುದು ಬೇರೆ. ಫೋನಿನಲ್ಲೇ ‘ಒಂದ್ಸಲ ರೀಸೆಟ್ ಒತ್ತಿ ಸಾರ್’ ಎಂಬ ಉತ್ತರ ಸಿಗುತ್ತದೆ. ಒತ್ತಿದರೆ ನಡೆಯುತ್ತದೆ ಕೂಡ, ಏಕೆಂದರೆ ತಣ್ಣಗಾದ ಪಿನ್ ಮತ್ತೆ ತಾಗಿಕೊಂಡಿರುತ್ತದೆ. ಮರುದಿನ ಸರಿಸುಮಾರು ಅದೇ ಹೊತ್ತಿಗೆ ಮತ್ತೆ ಬಂದರೆ ಅದು ಬಿಸಿಗೆ ಬಾಯಿಬಿಡುವ ಸಡಿಲ ಜೋಡಣೆಯಾಗಿರುವ ಸಾಧ್ಯತೆ ಹೆಚ್ಚು. ಹುಡುಕಲು ಹೊರಟವರು ಮೊದಲು ಎಸಿ ಬದಿ ಆರಿಸಿ, ಇನ್ವರ್ಟರ್ ನಿಂತ ಮೇಲೆ ಡಿಸಿ ಸ್ವಿಚ್ ತಿರುಗಿಸಿ, ಸಾಲಿನಲ್ಲಿ ಕರೆಂಟ್ ಸೊನ್ನೆ ಎಂದು ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿದ ಮೇಲಷ್ಟೇ ಕನೆಕ್ಟರ್‌ಗೆ ಕೈ ಹಾಕಬೇಕು. ಆಗಲೂ ಆ ತುದಿಗಳ ನಡುವೆ 594 ವೋಲ್ಟ್ ವರೆಗೂ ಇರಬಹುದು. ಕರೆಂಟ್ ಹರಿಯುತ್ತಿರುವಾಗ ಎಂಸಿ4 ಎಳೆದರೆ, ಇಷ್ಟು ಹೊತ್ತು ಹುಡುಕುತ್ತಿದ್ದ ಆರ್ಕ್ ಎರಡು ಕೈಗಳ ನಡುವೆಯೇ ಹೊತ್ತಿಕೊಳ್ಳುತ್ತದೆ.