ಒಂದೇ ಪಾಸ್‌ವರ್ಡ್, ಎರಡು ಬೀಗ

ಕೆನಡಾದ ಡೇಟಿಂಗ್ ಜಾಲತಾಣ ಆಶ್ಲೇ ಮ್ಯಾಡಿಸನ್‌ನಿಂದ ಕಳುವಾದ ಮಾಹಿತಿ 2015ರ ಆಗಸ್ಟ್‌ನಲ್ಲಿ ಬಯಲಿಗೆ ಬಿತ್ತು. ಅದರಲ್ಲಿ ಸುಮಾರು 3.6 ಕೋಟಿ ಪಾಸ್‌ವರ್ಡ್‌ಗಳ ಹ್ಯಾಶ್‌ಗಳಿದ್ದವು. ಹ್ಯಾಶ್ ಎಂದರೆ ಪಾಸ್‌ವರ್ಡನ್ನು ಒಂದು ಲೆಕ್ಕಾಚಾರಕ್ಕೆ ಒಡ್ಡಿದಾಗ ಸಿಗುವ ಅಕ್ಷರಸಾಲು. ಅದನ್ನು ಹಿಂದಕ್ಕೆ ಬಿಡಿಸಿ ಪಾಸ್‌ವರ್ಡ್ ಪಡೆಯಲಾಗದು. ಕದ್ದವನಿಗೆ ಉಳಿಯುವುದು ಊಹೆಯೊಂದೇ: ಒಂದೊಂದೇ ಪದವನ್ನು ಹ್ಯಾಶ್ ಮಾಡಿ, ಕದ್ದ ಸಾಲಿಗೆ ಹೊಂದುತ್ತದೆಯೇ ಎಂದು ನೋಡುತ್ತಾ ಹೋಗಬೇಕು.

ಅಲ್ಲಿನ ಎಂಜಿನಿಯರುಗಳು ಬಿಕ್ರಿಪ್ಟ್ ಬಳಸಿದ್ದರು. ನೀಲ್ಸ್ ಪ್ರೊವೊಸ್ ಮತ್ತು ಡೇವಿಡ್ ಮಾಜಿಯೆರ್ 1999ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ `abc123xyz` ಎಂಬ ಪಾಸ್‌ವರ್ಡ್ ಹೀಗೆ ಕಾಣಬಹುದು:

```
$2a$12$R9h/cIPz0gi.URNNX3kh2OPST9/PgBkqquzi.Ss7KIUgO2t0jWMUW
```

ಇದರಲ್ಲಿ 12ರ ನಂತರದ ಡಾಲರ್ ಗುರುತಾದ ಮೇಲೆ ಬರುವ 22 ಅಕ್ಷರಗಳೇ ಸಾಲ್ಟ್. ಇದು ಪ್ರತಿ ಖಾತೆಗೂ ಬೇರೆಬೇರೆಯಾಗಿ, ಯಾದೃಚ್ಛಿಕವಾಗಿ ಹುಟ್ಟುತ್ತದೆ. ಹಾಗಾಗಿ ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹ್ಯಾಶ್ ಬೇರೆ. ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ ಕಳ್ಳನಿಗೆ ಉಪಯೋಗಕ್ಕೆ ಬಾರದು. ಪ್ರತಿ ಖಾತೆಗೂ ಹೊಸದಾಗಿ ಊಹಿಸಬೇಕು. ಸಾಲ್ಟ್ ಗುಟ್ಟಾಗಿರಬೇಕಿಲ್ಲ, ಅದಕ್ಕೇ ಹ್ಯಾಶ್‌ನ ಪಕ್ಕದಲ್ಲೇ ರಾಜಾರೋಷವಾಗಿ ಕೂತಿದೆ. ಇನ್ನು 12 ಎಂಬುದು ಶ್ರಮದ ಅಳತೆ. ಅದು ಒಂದು ಏರಿದರೆ ಕೆಲಸ ಇಮ್ಮಡಿಯಾಗುತ್ತದೆ.

ಎಂಡಿ5ನಂಥ ವೇಗದ ಹ್ಯಾಶ್ ಆದರೆ ಇಂದಿನ ಒಂದು ಬಲಶಾಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 16,000 ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. 12ರ ಬಿಕ್ರಿಪ್ಟ್ ಎದುರು ಅದೇ ಕಾರ್ಡ್ ಸೆಕೆಂಡಿಗೆ ಒಂದೂವರೆ ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಲಾಗಿನ್ ಆಗುವ ನಮಗೆ ಆ ವಿಳಂಬ ಕಣ್ಣುಮಿಟುಕಿಸುವಷ್ಟು ಹೊತ್ತು ಮಾತ್ರ. ಆಶ್ಲೇ ಮ್ಯಾಡಿಸನ್ ಹ್ಯಾಶ್‌ಗಳ ಮೇಲೆ ಒಬ್ಬ ಸಂಶೋಧಕ ಐದು ದಿನ ಯಂತ್ರ ಓಡಿಸಿದಾಗ ಸಿಕ್ಕಿದ್ದು ಸುಮಾರು 4,000 ಪಾಸ್‌ವರ್ಡ್, ಅವೂ `123456`ನಂಥ ಸುಲಭದವು. ಅಷ್ಟು ದುರ್ಬಲವಾದುದನ್ನು ಬಿಕ್ರಿಪ್ಟ್ ಕೂಡ ಕಾಯಲಾರದು.

ಅಷ್ಟರಲ್ಲಿ ಸೈನೋಶ್ಯೂರ್ ಪ್ರೈಮ್ ಎಂಬ ಹವ್ಯಾಸಿಗಳ ತಂಡ ಜಾಲತಾಣದ ಸೋರಿಹೋದ ಕೋಡನ್ನೇ ಓದಿತು. ಸುಮಾರು 1.5 ಕೋಟಿ ಖಾತೆಗಳಿಗೆ `loginkey` ಎಂಬ ಇನ್ನೊಂದು ಕಾಲಂ ಇತ್ತು. ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡನ್ನೂ ಸಣ್ಣಕ್ಷರಕ್ಕೆ ಇಳಿಸಿ ಎಂಡಿ5ಗೆ ಕೊಟ್ಟು ಅದರ ಮೌಲ್ಯ ತಯಾರಾಗುತ್ತಿತ್ತು. ಬಳಕೆದಾರನ ಹೆಸರು ಇಲ್ಲಿ ಒಂದು ಬಗೆಯ ಸಾಲ್ಟ್ ಆಗಿತ್ತು ನಿಜ, ಆದರೆ ವೇಗದ ಮುಂದೆ ಅದು ಸಾಲಲಿಲ್ಲ. ತಂಡ ಎಂಡಿ5 ಅನ್ನು ಮುರಿದು ಸಣ್ಣಕ್ಷರದ ಪಾಸ್‌ವರ್ಡ್ ಪಡೆಯಿತು. ಯಾವ ಅಕ್ಷರ ದೊಡ್ಡದಿತ್ತು ಎಂಬುದನ್ನಷ್ಟೇ ಬಿಕ್ರಿಪ್ಟ್ ಎದುರು ಕೆಲವೇ ಪ್ರಯತ್ನಗಳಲ್ಲಿ ಪತ್ತೆ ಮಾಡಿತು. ಹತ್ತು ದಿನಗಳ ಆಸುಪಾಸಿನಲ್ಲಿ 1.1 ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಬಯಲಾದವು. ಎರಡು ವಿಧಾನಗಳ ಅಂತರಕ್ಕೆ ನನಗೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ: ಬಿಕ್ರಿಪ್ಟ್ ಸೋಲಲಿಲ್ಲ, ಅದರ ಪಕ್ಕದ ಬಾಗಿಲು ತೆರೆದಿತ್ತು.

ಬಿಕ್ರಿಪ್ಟ್‌ಗೂ ಒಂದು ಮಿತಿಯಿದೆ. ಅದು ಮೊದಲ 72 ಬೈಟ್‌ಗಳನ್ನಷ್ಟೇ ಗಣಿಸುತ್ತದೆ. ಕನ್ನಡದ ಪ್ರತಿ ಅಕ್ಷರಚಿಹ್ನೆ ಯೂನಿಕೋಡ್ ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುವುದರಿಂದ, ಒತ್ತು-ಗುಣಿತಗಳೂ ಸೇರಿ 24 ಚಿಹ್ನೆಗಳಿಗೇ ಅದು ಮುಗಿಯುತ್ತದೆ. ಕನ್ನಡದಲ್ಲಿ ಪಾಸ್‌ವರ್ಡ್ ಬರೆಯಲು ಅವಕಾಶ ಕೊಡುವ ಆ್ಯಪ್‌ನವರು ಇದನ್ನು ಪರೀಕ್ಷಿಸುವುದು ಸುಲಭ: 30 ಚಿಹ್ನೆಗಳ ಪಾಸ್‌ವರ್ಡ್ ಇಟ್ಟು, ಕೊನೆಯ ಚಿಹ್ನೆ ಬದಲಿಸಿ ಲಾಗಿನ್ ಆಗಿ ನೋಡಬೇಕು. ಒಳಗೆ ಬಿಟ್ಟಿತೆಂದರೆ ಬಾಲ ಕತ್ತರಿಸಿಹೋಗುತ್ತಿದೆ ಎಂದೇ ಅರ್ಥ.