ಬ್ರಾಕೆಟ್ ಡ್ರಾಯಿಂಗ್‌ನಲ್ಲಿ ತ್ರಿಕೋನ ಮತ್ತು ಟಿಕ್ ಗುರುತು

ಮೋಟಾರನ್ನು ಹೊರುವ ಒಂದು ಸಾಮಾನ್ಯ ಉಕ್ಕಿನ ಬ್ರಾಕೆಟ್‌ನಲ್ಲಿ ಎರಡು ಪ್ಲೇಟುಗಳಿರುತ್ತವೆ. ಕೆಳಗೆ 150 ಮಿ.ಮೀ. ಚೌಕದ, 12 ಮಿ.ಮೀ. ದಪ್ಪದ ಬೇಸ್ ಪ್ಲೇಟ್. ಅದರ ನಡುವೆ ನೇರ ನಿಲ್ಲಿಸಿ ಬೆಸುಗೆ ಹಾಕಿದ 10 ಮಿ.ಮೀ. ಪ್ಲೇಟ್. ಇದರ ಡ್ರಾಯಿಂಗ್‌ನಲ್ಲಿ ಅಳತೆಗಳ ಜೊತೆಗೆ ಎರಡು ಬಗೆಯ ಗುರುತುಗಳು ಕಾಣುತ್ತವೆ. ಬೆಸುಗೆಯನ್ನು ಹೇಳುವುದು ತ್ರಿಕೋನ, ಮೇಲ್ಮೈಯ ನುಣುಪನ್ನು ಹೇಳುವುದು ಟಿಕ್ ಗುರುತು.

ಬೆಸುಗೆಯ ಗುರುತಿನಲ್ಲಿ ಬಾಣವೊಂದು ಜೋಡಣೆಯ ಜಾಗವನ್ನು ಮುಟ್ಟುತ್ತದೆ. ಬಾಣದ ಹಿಂತುದಿಗೆ ಅಡ್ಡಗೆರೆಯೊಂದು ಸೇರಿರುತ್ತದೆ. ತ್ರಿಕೋನ ಕೂರುವುದು ಆ ಗೆರೆಯ ಮೇಲೋ ಕೆಳಗೋ. ಎರಡು ಪ್ಲೇಟುಗಳ ಮೂಲೆಯನ್ನು ತುಂಬುವ ಫಿಲೆಟ್ ಬೆಸುಗೆಗೆ ಇದೇ ಗುರುತು. ಗೆರೆ ಮತ್ತು ಬಾಣ ಕೂಡುವಲ್ಲಿ ಪುಟ್ಟ ವೃತ್ತವಿದ್ದರೆ ಸುತ್ತಲೂ ಬೆಸುಗೆ ಹಾಕಬೇಕು ಎಂದರ್ಥ.

ತ್ರಿಕೋನ ಗೆರೆಯ ಯಾವ ಪಕ್ಕದಲ್ಲಿದೆ ಎಂಬುದು ಮುಖ್ಯ. ಅಮೆರಿಕದ ಎಡಬ್ಲ್ಯುಎಸ್ ಪದ್ಧತಿಯಲ್ಲಿ ಗೆರೆಯ ಕೆಳಗಿದ್ದರೆ ಬಾಣ ಮುಟ್ಟಿದ ಬದಿ, ಮೇಲಿದ್ದರೆ ಅದರ ಆಚೆ ಬದಿ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಐಎಸ್‌ಒ 2553ರ 'ಎ' ಪದ್ಧತಿಯಲ್ಲಿ ಪೂರ್ಣಗೆರೆಯ ಜೊತೆ ತುಂಡುಗೆರೆಯೊಂದು ಇರುತ್ತದೆ. ತ್ರಿಕೋನ ಪೂರ್ಣಗೆರೆಗೆ ಅಂಟಿದ್ದರೆ ಬಾಣದ ಬದಿ, ತುಂಡುಗೆರೆಗೆ ಅಂಟಿದ್ದರೆ ಆಚೆ ಬದಿ. ಹೀಗಾಗಿ ಐಎಸ್‌ಒ ಡ್ರಾಯಿಂಗ್‌ನಲ್ಲಿ ಪೂರ್ಣಗೆರೆಯ ಮೇಲೆ ಕೂತ ತ್ರಿಕೋನವನ್ನು ಅಮೆರಿಕದ ರೂಢಿಯಲ್ಲಿ ಓದಿದವರು ತಪ್ಪು ಬದಿಗೆ ಬೆಸುಗೆ ಹಾಕುತ್ತಾರೆ. ಡ್ರಾಯಿಂಗ್ ಯಾವ ಪದ್ಧತಿಯದು ಎಂಬುದನ್ನು ಟೈಟಲ್ ಬ್ಲಾಕ್‌ನಲ್ಲಿ ಮೊದಲೇ ನೋಡಿಕೊಳ್ಳಬೇಕು. ನಮ್ಮ ಬ್ರಾಕೆಟ್‌ಗೆ ಎರಡೂ ಬದಿಗೆ ಒಂದೇ ಅಳತೆಯ ಬೆಸುಗೆ. ಆದ್ದರಿಂದ ತ್ರಿಕೋನ ಗೆರೆಯ ಮೇಲೂ ಕೆಳಗೂ ಇದೆ, ತುಂಡುಗೆರೆ ಬೇಕಿಲ್ಲ.

ಇನ್ನು ತ್ರಿಕೋನದ ಎಡಗಡೆಯ ಅಳತೆ. z6 ಎಂದರೆ ಬೆಸುಗೆಯ ಕಾಲು, ಅಂದರೆ ಪ್ಲೇಟಿನ ಮೇಲೆ ಅದು ಚಾಚಿರುವ ಉದ್ದ, 6 ಮಿ.ಮೀ. a6 ಎಂದರೆ ಮೂಲೆಯಿಂದ ಬೆಸುಗೆಯ ಮುಖದವರೆಗಿನ ದಪ್ಪ 6 ಮಿ.ಮೀ. ಎರಡು ಕಾಲೂ ಸಮನಾಗಿದ್ದರೆ ದಪ್ಪವು ಕಾಲಿನ ಸುಮಾರು 0.7 ಪಾಲು. ಹಾಗಾಗಿ z6ರ ದಪ್ಪ 4.2 ಮಿ.ಮೀ. ಮಾತ್ರ, a6 ಬೇಕಾದರೆ ಕಾಲು 8.5 ಮಿ.ಮೀ. ಆಗಬೇಕು. z6ರ ಅಡ್ಡಕೊಯ್ತದ ವಿಸ್ತೀರ್ಣ 18 ಚದರ ಮಿ.ಮೀ., a6ರದ್ದು 36. ಒಂದಕ್ಷರ ತಪ್ಪಾಗಿ ಓದಿದರೆ ಬೆಸುಗೆಯ ಲೋಹ ಅರ್ಧಕ್ಕೆ ಇಳಿಯುತ್ತದೆ, ಇಲ್ಲವೇ ಎರಡು ಪಟ್ಟಾಗುತ್ತದೆ. ಕಡಿಮೆಯಾದರೆ ಬಲ ಸಾಲದು. ಹೆಚ್ಚಾದರೆ ಹಾನಿಯಿಲ್ಲ ಎಂಬ ನಂಬಿಕೆಯೂ ಸರಿಯಲ್ಲ.

ಬೆಸುಗೆ ತಣಿಯುವಾಗ ಕುಗ್ಗುತ್ತದೆ. ಬೇಸ್ ಪ್ಲೇಟಿನ ಮೇಲ್ಬದಿಯಲ್ಲಿ ಮಾತ್ರ ಬೆಸುಗೆ ಇರುವುದರಿಂದ ಪ್ಲೇಟಿನ ಎರಡು ಅಂಚುಗಳು ಮೇಲಕ್ಕೆ ಎಳೆಯಲ್ಪಟ್ಟು, ತಳದ ನಡುಭಾಗ ಉಬ್ಬುತ್ತದೆ. ಲೋಹ ಹೆಚ್ಚಾದಷ್ಟೂ ಎಳೆತ ಹೆಚ್ಚು. ಅದೇ ತಳವೇ ಯಂತ್ರದ ಮೇಲೆ ಸಮನಾಗಿ ಕೂರಬೇಕಾದ ಮುಖ. ಅದಕ್ಕಾಗಿಯೇ ಅಲ್ಲಿ ಟಿಕ್ ಗುರುತು ಹಾಕಿ Ra 3.2 ಎಂದು ಬರೆದಿರುತ್ತಾರೆ.

ಟಿಕ್ ಗುರುತಿನ ಸಣ್ಣ ಕಾಲಿಗೆ ಅಡ್ಡಗೆರೆ ಎಳೆದು ಮುಚ್ಚಿದ್ದರೆ ಲೋಹ ಕೆತ್ತಲೇಬೇಕು. ಸಂದಿನಲ್ಲಿ ವೃತ್ತವಿದ್ದರೆ ಕೆತ್ತಕೂಡದು. ನಿಂತ ಪ್ಲೇಟು ರೋಲಿಂಗ್ ಮಿಲ್‌ನಿಂದ ಬಂದಂತೆಯೇ ಇರಬಹುದು, ಆದ್ದರಿಂದ ಅದಕ್ಕೆ ವೃತ್ತದ ಟಿಕ್; ತಳಕ್ಕೆ ಅಡ್ಡಗೆರೆಯ ಟಿಕ್. Ra 3.2 ಎಂದರೆ ಮೇಲ್ಮೈಯ ಏರಿಳಿತಗಳು ಮಧ್ಯರೇಖೆಯಿಂದ ಸರಾಸರಿ 3.2 ಮೈಕ್ರಾನ್ ಆಚೀಚೆ ಇರಬಹುದು. ಮಿಲ್ಲಿಂಗ್ ಯಂತ್ರದಲ್ಲಿ ಇದು ಕಷ್ಟವಿಲ್ಲದೆ ಬರುತ್ತದೆ.

ಆದರೆ Ra ಸಮತಟ್ಟುತನವನ್ನು ಹೇಳುವುದಿಲ್ಲ. ಈ ಮಟ್ಟದ ನುಣುಪನ್ನು ಅಳೆಯುವ ಉಪಕರಣದ ಸೂಜಿ ಸಾಮಾನ್ಯವಾಗಿ 12.5 ಮಿ.ಮೀ. ಉದ್ದದ ಮೇಲಿನ ಏರಿಳಿತವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 150 ಮಿ.ಮೀ. ಉದ್ದಕ್ಕೂ ಬಾಗಿದ ಪ್ಲೇಟು ಅದರ ಕಣ್ಣಿಗೆ ಬೀಳದು. ನುಣುಪಾಗಿ ಬಾಗಿದ ತಳವೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಸಮತಟ್ಟಾಗಿರಬೇಕಾದರೆ ವಾಲಿದ ಚತುರ್ಭುಜದ ಬೇರೆ ಗುರುತು, ಉದಾಹರಣೆಗೆ 0.1 ಮಿ.ಮೀ. ಎಂಬ ಮಿತಿಯೊಂದಿಗೆ, ಡ್ರಾಯಿಂಗ್‌ನಲ್ಲಿ ಇರಬೇಕು. ಸರ್ಫೇಸ್ ಪ್ಲೇಟಿನ ಮೇಲಿಟ್ಟು ಫೀಲರ್ ಗೇಜ್ ತೂರಿಸಿ ನೋಡಿದರೆ ಬಾಗು ಗೊತ್ತಾಗುತ್ತದೆ.

ಕೆಲಸದ ಕ್ರಮವೂ ಇದರಿಂದಲೇ ನಿರ್ಧಾರವಾಗುತ್ತದೆ. ತಳವನ್ನು ಮೊದಲು ಮಿಲ್ ಮಾಡಿ ಆಮೇಲೆ ಬೆಸುಗೆ ಹಾಕಿದರೆ ಶ್ರಮವೆಲ್ಲ ವ್ಯರ್ಥ. ಬೆಸುಗೆ ಮುಗಿಸಿ ಕಾಲು ಮತ್ತು ದಪ್ಪವನ್ನು ವೆಲ್ಡ್ ಗೇಜ್‌ನಿಂದ ಅಳೆದು, ಬಳಿಕವೇ ಮಿಲ್ ಮಾಡಬೇಕು. ಡ್ರಾಯಿಂಗ್‌ನಲ್ಲಿರುವ 12 ಮಿ.ಮೀ. ಮುಗಿದ ಅಳತೆ ಎಂಬುದನ್ನು ಮರೆತು 12ರ ಪ್ಲೇಟನ್ನೇ ಕತ್ತರಿಸಿದರೆ, ಅಂಚು 1 ಮಿ.ಮೀ. ಎದ್ದಿರುವ ತಳವನ್ನು ಸಮ ಮಾಡುವಷ್ಟರಲ್ಲಿ ನಡುವಿನಲ್ಲಿ 11 ಮಿ.ಮೀ.ಗೂ ಕಡಿಮೆ ಉಳಿಯುತ್ತದೆ. ಆದ್ದರಿಂದ 14 ಅಥವಾ 16ರ ಪ್ಲೇಟಿನಿಂದ ಶುರುಮಾಡುತ್ತಾರೆ. ಬೋಲ್ಟಿನ ತೂತುಗಳನ್ನು ಕೊನೆಗೆ, ಮಿಲ್ ಆದ ತಳವನ್ನು ಆಧಾರವಾಗಿಟ್ಟು ಕೊರೆಯಲಾಗುತ್ತದೆ.