ಲಿನಕ್ಸ್ ಹಾಕುವಾಗ ಎದುರಾಗುವ ನಾಲ್ಕು ಪ್ರಶ್ನೆಗಳು

ಪುಣೆಯ ನಮ್ಮ ಕನ್ನಡ ಸಂಘಕ್ಕೆ ಇಬ್ಬರು ಸದಸ್ಯರು ತಮ್ಮ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕೊಟ್ಟರು. ಒಂದು ಸಂಘದ ಲೆಕ್ಕಪತ್ರಕ್ಕೆ, ಇನ್ನೊಂದು ಭಾನುವಾರದ ಕನ್ನಡ ತರಗತಿಗೆ. ಎರಡಕ್ಕೂ ಡೆಬಿಯನ್ ಲಿನಕ್ಸ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಲಿನಕ್ಸ್ ಹಾಕಿದರೂ ಶುರುವಿನಲ್ಲೇ ನಾಲ್ಕು ವಿಷಯ ಗೊತ್ತುಮಾಡಬೇಕಾಗುತ್ತದೆ: ಕಾಲವಲಯ, ಲೊಕೇಲ್, ಕೀಲಿಮಣೆಯ ವಿನ್ಯಾಸ, ಹೋಸ್ಟ್‌ನೇಮ್. ‘ಆಮೇಲೆ ಬದಲಾಯಿಸಿದರಾಯಿತು’ ಎಂದುಕೊಂಡು ಎಂಟರ್ ಒತ್ತುತ್ತಾ ಹೋಗುವವರೇ ಹೆಚ್ಚು. ಬದಲಾಯಿಸಬಹುದು, ನಿಜ. ಆದರೆ ಅಷ್ಟರಲ್ಲಿ ಆ ಉತ್ತರ ಎಲ್ಲೆಲ್ಲಿ ಅಂಟಿಕೊಂಡಿರುತ್ತದೆ ಎಂಬುದು ನಾಲ್ಕಕ್ಕೂ ಬೇರೆ ಬೇರೆ.

ಕಾಲವಲಯ ಇವುಗಳಲ್ಲಿ ಅತ್ಯಂತ ಸಾಧು. ಡೆಬಿಯನ್ ಮೊದಲು ಭಾಷೆ ಕೇಳುತ್ತದೆ, ನಂತರ ದೇಶ. ಇಂಗ್ಲಿಷ್ ಆರಿಸಿದರೆ ದೇಶದ ಪಟ್ಟಿಯಲ್ಲಿ ಅಮೆರಿಕ ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಇಂಡಿಯಾ ಎಂದು ಬದಲಿಸಿದರೆ ಸಾಕು, ನಮ್ಮಲ್ಲಿ ಇರುವುದು ಒಂದೇ ವಲಯವಾದ್ದರಿಂದ `Asia/Kolkata` ತಾನಾಗಿ ಬರುತ್ತದೆ. ಬದಲಿಸದೆ ನ್ಯೂಯಾರ್ಕ್ ವಲಯ ಉಳಿದುಹೋಯಿತು ಎನ್ನೋಣ. ಜನವರಿಯಲ್ಲಿ ನಮ್ಮ ರಾತ್ರಿ 9 ಗಂಟೆಗೆ ಪರದೆ ಬೆಳಗಿನ 10.30 ತೋರಿಸುತ್ತದೆ. ಆದರೂ ಯಂತ್ರದೊಳಗಿನ ಗಡಿಯಾರ ತಪ್ಪಿಲ್ಲ. ಅದು ಓಡುವುದು ಜಾಗತಿಕ ಸಮಯದಲ್ಲಿ, ಅಂದರೆ ಯುಟಿಸಿಯಲ್ಲಿ. ವಲಯವೆಂಬುದು ಆ ಸಮಯವನ್ನು ನೋಡುವ ಕನ್ನಡಕ ಅಷ್ಟೆ. ವಲಯ ಸರಿಪಡಿಸಿದೊಡನೆ ಎಲ್ಲವೂ ಸರಿಹೋಗುತ್ತದೆ.

ಎಡವಟ್ಟಾಗುವುದು ವಲಯವನ್ನು ಬಿಟ್ಟು ಮುಳ್ಳುಗಳನ್ನೇ ತಿರುಗಿಸಿದಾಗ. ಸ್ವಯಂಚಾಲಿತ ಸಮಯವನ್ನು ಆರಿಸಿ, ಕೈಯಿಂದ ರಾತ್ರಿ 9 ಎಂದು ತುಂಬಿದರೆ ಪರದೆಯ ಮೇಲೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ಗಡಿಯಾರ ಮಾತ್ರ ಹತ್ತೂವರೆ ಗಂಟೆ ಮುಂದೆ ಹೋಗಿರುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಸಂಖ್ಯೆಗಳನ್ನು ಆ ಯಂತ್ರದಲ್ಲೇ ಪಡೆಯುತ್ತಿದ್ದರೆ ಅವು ಒಂದೂ ನಡೆಯುವುದಿಲ್ಲ, ಏಕೆಂದರೆ ಅವುಗಳ ಲೆಕ್ಕ ನಿಂತಿರುವುದು ಯುಟಿಸಿಯ ಮೇಲೆ.

ಲೊಕೇಲ್ ಅಷ್ಟು ಸಾಧುವಲ್ಲ. ಇದು ಬರೀ ಮೆನುವಿನ ಭಾಷೆಯಲ್ಲ. ತಾರೀಖು ಬರೆಯುವ ಕ್ರಮ, ಲಕ್ಷ ಕೋಟಿಯ ಅಲ್ಪವಿರಾಮ, ಹಣದ ಚಿಹ್ನೆ, ಕಾಗದದ ಅಳತೆ ಎಲ್ಲವೂ ಇದರೊಳಗೇ ಬರುತ್ತವೆ. `en_IN` ಇದ್ದರೆ 1,25,000. `en_US` ಇದ್ದರೆ 125,000. ಅಲ್ಲಿ ಕಾಗದ ಎ4 ಬದಲು ಲೆಟರ್ ಆಗುತ್ತದೆ. ಅದು ನಮ್ಮ ಹಾಳೆಗಿಂತ ಸುಮಾರು 6 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಗಿಡ್ಡ. ಇವೆಲ್ಲ ಆಮೇಲೆ ಸರಿಪಡಿಸಿಕೊಳ್ಳುವಂಥವು. ತಾರೀಖು ಹಾಗಲ್ಲ.

ನಮ್ಮ ಖಜಾಂಚಿಯವರು ತಮ್ಮ ಮನೆಯ ಕಂಪ್ಯೂಟರಿನಲ್ಲಿ, ಲಿಬ್ರೆಆಫೀಸಿನ ಹಾಳೆಯಲ್ಲಿ ಚಂದಾ ಲೆಕ್ಕ ಇಡುತ್ತಿದ್ದರು. ಅದರ ಲೊಕೇಲ್ ಅಮೆರಿಕದ್ದು. ಜುಲೈ ನಾಲ್ಕರ ಚಂದಾಕ್ಕೆ ಅವರು 4/7/2024 ಎಂದು ತುಂಬಿದರೆ ಹಾಳೆ ಅದನ್ನು ಏಪ್ರಿಲ್ 7 ಎಂದು ತಿಳಿಯಿತು. ಇಪ್ಪತ್ತೈದರ ಚಂದಾಕ್ಕೆ 25/7/2024 ಎಂದು ತುಂಬಿದರೆ, ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಅದು ತಾರೀಖೇ ಅಲ್ಲ, ಬರೀ ಅಕ್ಷರ ಎಂದುಕೊಂಡಿತು. ವರ್ಷದ ಕೊನೆಗೆ ತಾರೀಖಿನ ಪ್ರಕಾರ ಜೋಡಿಸಿದಾಗ ಅರ್ಧ ಸಾಲುಗಳು ತಪ್ಪು ತಿಂಗಳಿಗೆ ಹೋದವು, ಉಳಿದರ್ಧ ಒಂದು ಮೂಲೆಯಲ್ಲಿ ಗುಡ್ಡೆಯಾದವು. ಆಗ ಲೊಕೇಲ್ ಬದಲಿಸಿ ಪ್ರಯೋಜನವಿಲ್ಲ. ತಪ್ಪು ಆಗಲೇ ಕಡತದೊಳಗೆ ಸೇರಿಹೋಗಿದೆ. ರಸೀದಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಿದ್ದಬೇಕಾಯಿತು. ಇದನ್ನು ಮೊದಲೇ ಪತ್ತೆಹಚ್ಚುವುದು ಸುಲಭ: ಹಾಳೆ ತಾರೀಖು ಎಂದು ಒಪ್ಪಿದ್ದು ಕೋಶದ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಂದುಕೊಂಡದ್ದು ಎಡಕ್ಕೆ. ಒಂದೇ ಕಂಬಸಾಲಿನಲ್ಲಿ ಎರಡೂ ಕಂಡರೆ ಅಲ್ಲಿಗೇ ನಿಲ್ಲಿಸಿ.

ಕನ್ನಡ ತರಗತಿಯ ಲ್ಯಾಪ್‌ಟಾಪಿಗಾದರೂ `kn_IN` ಹಾಕಬಾರದೇ ಎಂದು ಒಬ್ಬರು ಕೇಳಿದರು. ಹಾಕಬಹುದು, ಮೆನುಗಳು ಸಾಕಷ್ಟು ಕನ್ನಡದಲ್ಲಿ ಬರುತ್ತವೆ. ಆದರೆ ಕನ್ನಡ ಓದಲು, ಬರೆಯಲು ಅದರ ಅಗತ್ಯವಿಲ್ಲ. `en_IN` ಕೂಡ ಯುನಿಕೋಡನ್ನೇ ಬಳಸುತ್ತದೆ; ಕನ್ನಡ ಕಡತ, ಕನ್ನಡ ಹೆಸರು ಎಲ್ಲವೂ ಅದರಲ್ಲಿ ನಡೆಯುತ್ತವೆ. ಬರೆಯುವ ಸಂಗತಿ ಸೇರಿರುವುದು ಮೂರನೆಯ ಪ್ರಶ್ನೆಗೆ.

ಕೀಲಿಮಣೆಯ ಉತ್ತರ ಹೋಗಿ ಕೂರುವುದು ನಿಮ್ಮ ಪಾಸ್‌ವರ್ಡಿನಲ್ಲಿ. ‘ನಮ್ಮದು ಬ್ರಿಟಿಷ್ ಇಂಗ್ಲಿಷ್ ತಾನೇ’ ಎಂದು ಹಲವರು ಬ್ರಿಟಿಷ್ ವಿನ್ಯಾಸ ಆರಿಸುತ್ತಾರೆ. ಆದರೆ ಇಲ್ಲಿ ಮಾರುವ ಲ್ಯಾಪ್‌ಟಾಪುಗಳ ಕೀಲಿಗಳು ಸಾಮಾನ್ಯವಾಗಿ ಅಮೆರಿಕನ್ ಕ್ರಮದವು. ನೀವು ಪಾಸ್‌ವರ್ಡ್ `Sangha@24` ಎಂದುಕೊಂಡು ಶಿಫ್ಟ್ ಹಿಡಿದು 2 ಒತ್ತುತ್ತೀರಿ. ಬ್ರಿಟಿಷ್ ವಿನ್ಯಾಸದಲ್ಲಿ ಅಲ್ಲಿರುವುದು ಉದ್ಧರಣ ಚಿಹ್ನೆ. ಪರದೆಯಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ಗೊತ್ತಾಗುವುದಿಲ್ಲ, ದಾಖಲಾಗುವುದು `Sangha"24`. ಎಷ್ಟೋ ದಿನ ಲಾಗಿನ್ ಸರಿಯಾಗಿಯೇ ಆಗುತ್ತದೆ, ತಪ್ಪು ಎರಡೂ ಕಡೆ ಒಂದೇ ಆಗಿದೆಯಲ್ಲ! ವಿನ್ಯಾಸ ತಿದ್ದಿದ ದಿನ ಬಾಗಿಲು ಮುಚ್ಚುತ್ತದೆ. ಡಿಸ್ಕನ್ನು ಗೂಢಲಿಪಿಯಲ್ಲಿಟ್ಟಿದ್ದರೆ ಇನ್ನೂ ಕಷ್ಟ, ಅದರ ಪಾಸ್‌ವರ್ಡ್ ಕೇಳುವುದು ಡೆಸ್ಕ್‌ಟಾಪ್ ಬರುವುದಕ್ಕೂ ಮುಂಚೆ. ಆದ್ದರಿಂದ ಪಾಸ್‌ವರ್ಡ್ ಕೊಡುವ ಮುನ್ನ, ಅಕ್ಷರ ಕಾಣುವ ಯಾವುದಾದರೂ ಖಾನೆಯಲ್ಲಿ ಅದರ ಚಿಹ್ನೆಗಳನ್ನು ಒಮ್ಮೆ ಒತ್ತಿ ನೋಡಿ, ಅಳಿಸಿ.

ಇದೇ ಕಾರಣಕ್ಕೆ ಇನ್‌ಸ್ಟಾಲ್ ಹೊತ್ತಿನಲ್ಲಿ ನಾನು ಕನ್ನಡ ವಿನ್ಯಾಸ ಆರಿಸುವುದಿಲ್ಲ. ಆಗ ಅಮೆರಿಕನ್ ಇಂಗ್ಲಿಷ್ ಕೊಟ್ಟು, ಡೆಸ್ಕ್‌ಟಾಪ್ ಬಂದ ಮೇಲೆ ಹೀಗೆ ಕನ್ನಡ ಸೇರಿಸುತ್ತೇನೆ:

```
sudo apt install ibus-m17n
```

ಒಮ್ಮೆ ಲಾಗ್‌ಔಟ್ ಆಗಿ ಬಂದು, ಸೆಟ್ಟಿಂಗ್ಸಿನ ಕೀಲಿಮಣೆ ವಿಭಾಗದಲ್ಲಿ ಕನ್ನಡದ `kgp` ಸೇರಿಸಿದರೆ ನುಡಿ ಬಳಸಿದವರಿಗೆ ಪರಿಚಿತವಾದ ಕಗಪ ಕ್ರಮ ಸಿಗುತ್ತದೆ. ಗ್ನೋಮ್‌ನಲ್ಲಿ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪಾಸ್‌ವರ್ಡ್ ಇಂಗ್ಲಿಷಿನಲ್ಲಿ, ಮಕ್ಕಳ ಕಾಗುಣಿತ ಕನ್ನಡದಲ್ಲಿ.

ಕೊನೆಯದು ಹೋಸ್ಟ್‌ನೇಮ್, ಯಂತ್ರದ ಹೆಸರು. ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಅಡ್ಡಗೆರೆ ಇಷ್ಟೇ ಸಾಕು. ಖಾಲಿ ಜಾಗ, ಅಡಿಗೆರೆ ಬೇಡ. ಸುಮ್ಮನೆ ಬಿಟ್ಟರೆ ಡೆಬಿಯನ್ ಎಲ್ಲಕ್ಕೂ `debian` ಎಂದೇ ಇಡುತ್ತದೆ. ಎರಡು ಯಂತ್ರಗಳಿದ್ದರೆ ರೂಟರಿನ ಪಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯದು. ನಾನು ಒಂದಕ್ಕೆ `lekka`, ಇನ್ನೊಂದಕ್ಕೆ `taragati` ಎಂದಿಟ್ಟೆ. ವೈ-ಫೈಗೆ ಸೇರುವಾಗ ಈ ಹೆಸರು ಸಾಮಾನ್ಯವಾಗಿ ಆ ಜಾಲಕ್ಕೂ ಹೋಗುತ್ತದೆ. ಹಾಗಾಗಿ ಹೊರಗೆ ಒಯ್ಯುವ ಲ್ಯಾಪ್‌ಟಾಪಿಗೆ ನಿಮ್ಮ ಪೂರ್ತಿ ಹೆಸರು, ಫ್ಲ್ಯಾಟ್ ನಂಬರ್ ಇಡಬೇಡಿ. ಆಮೇಲೆ ಬದಲಿಸುವುದಾದರೆ ಎರಡು ಕಡೆ ಬದಲಿಸಬೇಕು:

```
sudo hostnamectl set-hostname lekka
sudo nano /etc/hosts
```

ಎರಡನೆಯ ಕಡತದಲ್ಲಿ `127.0.1.1` ಎಂಬ ಸಾಲಿನ ಮುಂದಿರುವ ಹಳೆಯ ಹೆಸರನ್ನೂ ತಿದ್ದಿ. ಅದನ್ನು ಬಿಟ್ಟರೆ `sudo` ಬಳಸಿದಾಗಲೆಲ್ಲ `unable to resolve host` ಎಂಬ ದೂರು ಬರಬಹುದು.

ಈಗಾಗಲೇ ಲಿನಕ್ಸ್ ಬಳಸುತ್ತಿರುವವರು ತಮ್ಮ ಯಂತ್ರದ ನಾಲ್ಕೂ ಉತ್ತರಗಳನ್ನು ಹೀಗೆ ನೋಡಿಕೊಳ್ಳಬಹುದು:

```
timedatectl
localectl
hostnamectl
```

ಲೊಕೇಲ್ `en_US` ಎಂದು ಕಂಡರೆ `sudo dpkg-reconfigure locales` ಎಂದು ಕೊಟ್ಟು `en_IN` ಆರಿಸಿ, ಮತ್ತೆ ಲಾಗಿನ್ ಆಗಿ. ಆಮೇಲೆ ಮೊದಲ ಕೆಲಸವಾಗಿ ಹಳೆಯ ಲೆಕ್ಕದ ಹಾಳೆಗಳನ್ನು ತೆರೆದು, ತಾರೀಖುಗಳು ಎಡಕ್ಕಿವೆಯೋ ಬಲಕ್ಕಿವೆಯೋ ನೋಡಿ.